ಬಳ್ಳಾರಿಯೂ ಬರ್ಧಮಾನ್‌ನೂ ಒಂದೇ ಪಟ್ಟಿಯಲ್ಲಿ: ಮಕ್ಕಳ ಮೆದುಳು ಜ್ವರದ ಬಗ್ಗೆ

ಊರಿನಿಂದ ಅಪ್ಪ-ಅಮ್ಮ ಕೋಲ್ಕತ್ತಕ್ಕೆ ಬಂದರೆ ನಾವು ತಪ್ಪದೆ ಕರೆದುಕೊಂಡು ಹೋಗುವ ಜಾಗಗಳಲ್ಲಿ ಶಾಂತಿನಿಕೇತನವೂ ಒಂದು. ಹೌರಾದಿಂದ ಬೋಲ್ಪುರಕ್ಕೆ ಹೊರಟ ರೈಲು ಬರ್ಧಮಾನ್ ಸಮೀಪಿಸುವ ಹೊತ್ತಿಗೆ ಕಿಟಕಿಯಾಚೆ ಎರಡೂ ಬದಿಗೆ ಗದ್ದೆಗಳು ಶುರುವಾಗುತ್ತವೆ. ಮಳೆಗಾಲವಾದರೆ ಕಣ್ಣು ಹಾಯುವಷ್ಟು ದೂರ ನಿಂತ ನೀರು, ಅದರಲ್ಲಿ ಆಗಷ್ಟೇ ನಾಟಿ ಮಾಡಿದ ಪೈರು, ಬದುವಿನ ಮೇಲೆ ಬೆಳ್ಳಕ್ಕಿಗಳ ಸಾಲು. "ಥೇಟ್ ನಮ್ಮ ಮಂಡ್ಯದ ಹಾಗೇ ಇದೆಯಲ್ಲೋ" ಅನ್ನುವ ಮಾತು ಊರಿನವರ ಬಾಯಲ್ಲಿ ಬರದೇ ಇರುವುದಿಲ್ಲ. ಗಂಗಾವತಿ, ಸಿರುಗುಪ್ಪ ಕಡೆಯವರಾದರೆ ತುಂಗಭದ್ರಾ ಕಾಲುವೆಯ ಬಯಲು ನೆನಪಾಗುತ್ತದೆ.

ಈ ಹೋಲಿಕೆ ಬರೀ ಕಣ್ಣಿಗೆ ಕಾಣುವ ಹೋಲಿಕೆಯಲ್ಲ. 2006ರಲ್ಲಿ ಕೇಂದ್ರ ಸರ್ಕಾರ ಮಕ್ಕಳ ಮೆದುಳು ಜ್ವರಕ್ಕೆ ದೊಡ್ಡ ಪ್ರಮಾಣದಲ್ಲಿ ಲಸಿಕೆ ಹಾಕಲು ಆರಂಭಿಸಿದಾಗ, ದೇಶದಲ್ಲೇ ಅತಿ ಹೆಚ್ಚು ಅಪಾಯದಲ್ಲಿದ್ದ 11 ಜಿಲ್ಲೆಗಳನ್ನು ಮೊದಲ ಹಂತಕ್ಕೆ ಆರಿಸಿತು. ಹೆಚ್ಚಿನವು ಗೋರಖ್‌ಪುರ ಸುತ್ತಿನ ಉತ್ತರ ಪ್ರದೇಶದ ಜಿಲ್ಲೆಗಳು, ಎರಡು ಅಸ್ಸಾಮಿನವು. ಪಶ್ಚಿಮ ಬಂಗಾಳದಿಂದ ಒಂದೇ ಒಂದು ಜಿಲ್ಲೆ, ಬರ್ಧಮಾನ್. ಕರ್ನಾಟಕದಿಂದಲೂ ಒಂದೇ ಒಂದು, ಬಳ್ಳಾರಿ. ಸಾವಿರಾರು ಕಿಲೋಮೀಟರ್ ದೂರದ, ಭಾಷೆ-ಊಟ ಯಾವುದೂ ಒಂದಲ್ಲದ ಈ ಎರಡು ಜಿಲ್ಲೆಗಳು ಒಂದೇ ಪಟ್ಟಿಗೆ ಸೇರಿದ್ದು ಹೇಗೆ ಎಂದು ಕೇಳಿದರೆ, ಉತ್ತರ ಆ ಗದ್ದೆಯ ನೀರಿನಲ್ಲಿದೆ. ಅದರ ಜೊತೆಗೆ ನಮ್ಮಂಥ ವಲಸಿಗರ ಮಕ್ಕಳು ಯಾಕೆ ಈ ಪಟ್ಟಿಯ ಸಂದಿಯಲ್ಲಿ ಜಾರಿಹೋಗಬಹುದು ಎನ್ನುವುದಕ್ಕೂ ಉತ್ತರ ಸಿಗುತ್ತದೆ.

ಗದ್ದೆ, ಬೆಳ್ಳಕ್ಕಿ, ಹಂದಿ

ನಮ್ಮಲ್ಲಿ ಮೆದುಳು ಜ್ವರ ಎಂದು ಕರೆಯುವ ಈ ಕಾಯಿಲೆಯ ಪೂರ್ತಿ ಹೆಸರು ಜಪಾನೀಸ್ ಎನ್ಸೆಫಲೈಟಿಸ್. ಆಸ್ಪತ್ರೆಯ ಚೀಟಿಗಳಲ್ಲಿ ಚುಟುಕಾಗಿ ಜೆ.ಇ. ಇದರ ವೈರಸ್ಸನ್ನು ಜಪಾನಿನಲ್ಲಿ ಮೊದಲು ಗುರುತಿಸಿದ್ದರಿಂದ ಆ ಹೆಸರು ಬಂತೇ ಹೊರತು, ಇದು ಏಷ್ಯಾದ ಭತ್ತದ ನಾಡುಗಳಲ್ಲೆಲ್ಲ ಇದೆ. ಭಾರತದಲ್ಲಿ ಇದು ಮೊದಲು ಗೊತ್ತಾದದ್ದು 1955ರಲ್ಲಿ, ವೆಲ್ಲೂರಿನಲ್ಲಿ. ಆದರೆ ದೇಶದ ಮೊದಲ ದೊಡ್ಡ ಸ್ಫೋಟ ಕಂಡದ್ದು ಬಂಗಾಳ: 1973ರಲ್ಲಿ ಬಾಂಕುರಾ ಮತ್ತು ಬರ್ಧಮಾನ್ ಜಿಲ್ಲೆಗಳಲ್ಲಿ. ಬಾಂಕುರಾ ಒಂದರಲ್ಲೇ ಸುಮಾರು 700 ಮಂದಿಗೆ ಕಾಯಿಲೆ ಬಂದು 300ರಷ್ಟು ಜನ ತೀರಿಕೊಂಡರು. ಮೂರು ವರ್ಷಗಳ ನಂತರ ಬರ್ಧಮಾನ್‌ನಲ್ಲಿ ಮತ್ತೆ ಕಾಣಿಸಿಕೊಂಡಿತು. ಅದೇ ದಶಕದ ಕೊನೆಗೆ ನಮ್ಮ ಕೋಲಾರ, ಮಂಡ್ಯ ಜಿಲ್ಲೆಗಳಲ್ಲೂ ಮಕ್ಕಳು ಇದೇ ಜ್ವರಕ್ಕೆ ಬಲಿಯಾದರು.

ವೈರಸ್ಸಿನ ಬದುಕು ನಡೆಯುವುದು ಮನುಷ್ಯರಲ್ಲಲ್ಲ. ಬೆಳ್ಳಕ್ಕಿ, ಕೊಕ್ಕರೆಯಂಥ ನೀರಿನ ಹಕ್ಕಿಗಳ ರಕ್ತದಲ್ಲಿ ಅದು ಇರುತ್ತದೆ, ಹಕ್ಕಿಗೆ ಏನೂ ಆಗುವುದಿಲ್ಲ. ಭತ್ತದ ಗದ್ದೆಯ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಜಾತಿಯ ಸೊಳ್ಳೆ ಆ ಹಕ್ಕಿಯನ್ನು ಕಚ್ಚಿ, ಆಮೇಲೆ ಊರಂಚಿನ ಹಂದಿಯನ್ನು ಕಚ್ಚುತ್ತದೆ. ಹಂದಿಗೂ ಹೆಚ್ಚಿನ ತೊಂದರೆ ಕಾಣುವುದಿಲ್ಲ. ಆದರೆ ಅದರ ರಕ್ತದಲ್ಲಿ ವೈರಸ್ ಭಾರಿ ಪ್ರಮಾಣದಲ್ಲಿ ಹೆಚ್ಚುತ್ತದೆ, ಕೆಲವು ದಿನಗಳ ಕಾಲ ಅದನ್ನು ಕಚ್ಚಿದ ಸೊಳ್ಳೆಗಳು ವೈರಸ್ಸನ್ನು ಹೊತ್ತುಕೊಂಡು ಹೋಗುತ್ತವೆ. ಒಮ್ಮೆ ಸೋಂಕು ತಗುಲಿದ ಹಂದಿಗೆ ರೋಗನಿರೋಧಕ ಶಕ್ತಿ ಬರುತ್ತದೆ. ಆದರೆ ಹಂದಿಗಳು ಬೇಗ ಬೇಗ ಮರಿ ಹಾಕುತ್ತವೆ, ಹೊಸ ಮರಿಗಳಿಗೆ ಆ ಶಕ್ತಿ ಇರುವುದಿಲ್ಲ. ಹಾಗಾಗಿ ಪ್ರತಿ ವರ್ಷ ವೈರಸ್ಸಿಗೆ ಹೊಸ ಜಾಗ ಸಿಗುತ್ತಲೇ ಇರುತ್ತದೆ.

ಮನುಷ್ಯನಿಗೆ ಸೋಂಕು ತಗುಲುವುದು ಈ ಚಕ್ರದ ಹೊರಗೆ ನಡೆಯುವ ಅಪಘಾತ. ನಮ್ಮ ರಕ್ತದಲ್ಲಿ ವೈರಸ್ ತೀರಾ ಕಡಿಮೆ, ಅದೂ ಸ್ವಲ್ಪ ಹೊತ್ತು ಮಾತ್ರ ಇರುತ್ತದೆ. ನಮ್ಮನ್ನು ಕಚ್ಚಿದ ಸೊಳ್ಳೆ ಇನ್ನೊಬ್ಬರಿಗೆ ಕಾಯಿಲೆ ಹಚ್ಚುವುದಿಲ್ಲ. ಒಬ್ಬರಿಂದ ಒಬ್ಬರಿಗೆ ಮುಟ್ಟಿದರೆ, ಕೆಮ್ಮಿದರೆ, ಜೊತೆಯಲ್ಲಿ ಉಂಡರೆ ಇದು ಹರಡುವುದಿಲ್ಲ. ಕೇಳಲು ಸಮಾಧಾನದ ಮಾತು. ಆದರೆ ಇದೇ ಮಾತಿಗೆ ಇನ್ನೊಂದು ಮುಖವೂ ಇದೆ, ಲಸಿಕೆಯ ಹತ್ತಿರ ಬಂದಾಗ ನೋಡೋಣ.

ಈಗ ಬಳ್ಳಾರಿ-ಬರ್ಧಮಾನ್ ಒಗಟು ಬಿಡಿಸಿಕೊಳ್ಳುತ್ತದೆ. ಒಂದು ಕಡೆ ದಾಮೋದರ್ ನದಿಯ ಕಾಲುವೆಗಳು, ಇನ್ನೊಂದು ಕಡೆ ತುಂಗಭದ್ರಾ ಕಾಲುವೆಗಳು. ಎರಡೂ ಕಡೆ ವಾರಗಟ್ಟಲೆ ನೀರು ನಿಲ್ಲುವ ಭತ್ತದ ಬಯಲು, ಅಲ್ಲಿಗೆ ಬರುವ ಹಕ್ಕಿ, ಊರಂಚಿನಲ್ಲಿ ಹಂದಿ. ವೈರಸ್ಸಿಗೆ ಇಷ್ಟು ಸಾಕು.

ರಜೆ ಮುಗಿಸಿ ಬಂದ ಮೇಲೆ ಬರುವ ಜ್ವರ

ಕಾಯಿಲೆ ಹೇಗೆ ಬರುತ್ತದೆ ಎನ್ನುವುದಕ್ಕೆ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಮನೆ ಕಲ್ಪಿತ, ಅಲ್ಲಿ ನಡೆಯುವುದೆಲ್ಲ ಈ ಕಾಯಿಲೆ ನಡೆಯುವ ರೀತಿ.

ನ್ಯೂಟೌನ್‌ನ ಒಂದು ಕನ್ನಡ ಕುಟುಂಬ. ದುರ್ಗಾಪೂಜೆಯ ರಜೆಗೆ ಐದು ವರ್ಷದ ಮಗಳನ್ನು ಕರೆದುಕೊಂಡು ಸಿರುಗುಪ್ಪದ ಹತ್ತಿರದ ಅಜ್ಜಿ ಮನೆಗೆ ಹೋಗುತ್ತಾರೆ. ಗದ್ದೆ ಮನೆಯ ಹಿಂದೆಯೇ ಇದೆ. ಸಂಜೆ ಆರೂವರೆಯ ಮೇಲೆ ಎಲ್ಲರೂ ಅಂಗಳದಲ್ಲಿ ಕೂತು ಮಾತಾಡುತ್ತಾರೆ, ಮಗು ಫ್ರಾಕ್ ಹಾಕಿಕೊಂಡು ಅಲ್ಲೇ ಆಡುತ್ತದೆ. ಸೊಳ್ಳೆ ಕಚ್ಚುತ್ತದೆ, ಯಾರಿಗೆ ಕಚ್ಚುವುದಿಲ್ಲ? ಹತ್ತು ದಿನ ಇದ್ದು ಕೋಲ್ಕತ್ತಕ್ಕೆ ವಾಪಸ್ ಬರುತ್ತಾರೆ. ಸೊಳ್ಳೆ ಕಚ್ಚಿದ ಮೇಲೆ ಕಾಯಿಲೆ ಕಾಣಿಸಿಕೊಳ್ಳಲು 5ರಿಂದ 15 ದಿನ ಬೇಕು. ಹಾಗಾಗಿ ಜ್ವರ ಬರುವುದು ಊರಿನಲ್ಲಲ್ಲ, ಮಗು ಮತ್ತೆ ಶಾಲೆಗೆ ಹೋಗಲು ಶುರು ಮಾಡಿದ ವಾರದಲ್ಲಿ, ಕೋಲ್ಕತ್ತದಲ್ಲಿ.

ಮೊದಲ ದಿನ ಜೋರು ಜ್ವರ, ತಲೆನೋವು, ಎರಡು ಸಲ ವಾಂತಿ. ಎರಡನೇ ದಿನ ಜ್ವರ ಇಳಿಯುವುದಿಲ್ಲ, ಹೊಟ್ಟೆನೋವು ಅನ್ನುತ್ತಾಳೆ, ಊಟ ಬೇಡ. ಅದು ಕೋಲ್ಕತ್ತದಲ್ಲಿ ಡೆಂಗಿಯ ಕಾಲ. ಬಡಾವಣೆಯ ವೈದ್ಯರು ರಕ್ತಪರೀಕ್ಷೆ ಬರೆದುಕೊಡುತ್ತಾರೆ, ಡೆಂಗಿ ಇಲ್ಲ ಎಂದು ಬರುತ್ತದೆ. ಮನೆಯವರಿಗೆ ನಿರಾಳ. ಮೂರನೇ ದಿನ ಬೆಳಿಗ್ಗೆ ಮಗು ಎಬ್ಬಿಸಿದರೂ ಮಂಪರಿನಲ್ಲೇ ಇರುತ್ತದೆ. ಅಮ್ಮನನ್ನು ನೋಡಿ ಚಿಕ್ಕಮ್ಮ ಅನ್ನುತ್ತದೆ. ಬಾಯಿಯ ಎಡತುದಿ ಆಗಾಗ ಸಣ್ಣಗೆ ಅದುರುತ್ತದೆ. "ರಾತ್ರಿಯೆಲ್ಲ ನಿದ್ದೆ ಇಲ್ಲ, ಸುಸ್ತಾಗಿದೆ, ಮಲಗಲಿ ಬಿಡು" ಎಂದು ಯಾರಾದರೂ ಹೇಳಬಹುದು.

ಇಡೀ ಲೇಖನದಲ್ಲಿ ಒಂದೇ ಒಂದು ಸಂಗತಿ ನೆನಪಿಟ್ಟುಕೊಳ್ಳಬೇಕು ಎಂದಾದರೆ ಅದು ಈ ಮೂರನೇ ಬೆಳಿಗ್ಗೆ. ಮೊದಲ ಎರಡು ದಿನದ ಜ್ವರ, ವಾಂತಿ, ಹೊಟ್ಟೆನೋವಿನಿಂದ ಇದು ಮೆದುಳು ಜ್ವರವೆಂದು ಯಾರೂ ಹೇಳಲಾರರು. ನೂರು ಬಗೆಯ ಜ್ವರ ಹೀಗೇ ಶುರುವಾಗುತ್ತವೆ. ಆದರೆ ಜ್ವರದ ಜೊತೆಗೆ ಮಗುವಿನ ಪ್ರಜ್ಞೆ ಬದಲಾಯಿತೆಂದರೆ, ಅಂದರೆ ತೂಕಡಿಕೆ, ಗೊಂದಲದ ಮಾತು, ಗುರುತು ಸಿಗದಿರುವುದು, ಮಾತು ನಿಲ್ಲುವುದು, ಕಾರಣವಿಲ್ಲದ ವಿಪರೀತ ಕಿರಿಕಿರಿ, ಇವುಗಳಲ್ಲಿ ಯಾವುದೇ ಒಂದು ಕಂಡರೂ ಅದು ಮೆದುಳಿನ ವಿಷಯ. ತೀರಾ ಚಿಕ್ಕ ಕೂಸು ಗೊಂದಲದ ಮಾತಾಡಲಾರದು. ಅದು ಹಾಲು ಕುಡಿಯುವುದನ್ನು ಬಿಡುತ್ತದೆ, ಕೀರಲು ದನಿಯಲ್ಲಿ ಒಂದೇ ಸಮನೆ ಅಳುತ್ತದೆ, ನೆತ್ತಿಯ ಮೆತ್ತನೆ ಭಾಗ ಉಬ್ಬಿಕೊಳ್ಳಬಹುದು. ಇಂಥ ಹೊತ್ತಿನಲ್ಲಿ ಬಡಾವಣೆಯ ಕ್ಲಿನಿಕ್ ತೆರೆಯುವವರೆಗೆ ಕಾಯಬಾರದು. ಮಕ್ಕಳ ತುರ್ತು ನಿಗಾ ಘಟಕ ಇರುವ ಆಸ್ಪತ್ರೆಗೆ ನೇರವಾಗಿ ಹೋಗಬೇಕು.

ಯಾವ ಫಿಟ್ಸ್ ಸಾಮಾನ್ಯ, ಯಾವುದು ಅಲ್ಲ

ಈ ಕಾಯಿಲೆಯಲ್ಲಿ ದೊಡ್ಡವರಿಗಿಂತ ಮಕ್ಕಳಿಗೆ ಫಿಟ್ಸ್ ಬರುವುದು ಬಹಳ ಹೆಚ್ಚು. ಗೊಂದಲ ಆಗುವುದೂ ಇಲ್ಲೇ. ಯಾಕೆಂದರೆ ಚಿಕ್ಕ ಮಕ್ಕಳಿಗೆ ಬರೀ ಜ್ವರ ಏರಿದರೂ ಫಿಟ್ಸ್ ಬರುವುದುಂಟು, ಅದು ಅಪಾಯಕಾರಿಯಲ್ಲ ಎಂದು ವೈದ್ಯರೇ ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ವ್ಯತ್ಯಾಸ ಗುರುತಿಸಲು ವಿಶ್ವ ಆರೋಗ್ಯ ಸಂಸ್ಥೆಯ ಅಳತೆಗೋಲು ಸರಳವಾಗಿದೆ. ಮಾಮೂಲಿ ಜ್ವರದ ಫಿಟ್ಸ್ ಆರು ತಿಂಗಳಿನಿಂದ ಆರು ವರ್ಷದೊಳಗಿನ ಮಕ್ಕಳಿಗೆ ಬರುತ್ತದೆ, ಇಡೀ ಮೈಗೆ ಒಂದೇ ಸಲ ಬರುತ್ತದೆ, 15 ನಿಮಿಷದೊಳಗೆ ನಿಲ್ಲುತ್ತದೆ, ನಿಂತ ಒಂದು ಗಂಟೆಯೊಳಗೆ ಮಗು ಮೊದಲಿನಂತೆ ಎಚ್ಚರಾಗುತ್ತದೆ. ಒಂದೇ ಕೈ ಅಥವಾ ಮುಖದ ಒಂದೇ ಬದಿಗೆ ಬಂದರೆ, ಮತ್ತೆ ಮತ್ತೆ ಬಂದರೆ, ಫಿಟ್ಸ್ ನಿಂತು ಗಂಟೆ ಕಳೆದರೂ ಮಗು ನಿಮ್ಮ ಕಣ್ಣಲ್ಲಿ ಕಣ್ಣಿಟ್ಟು ನೋಡದಿದ್ದರೆ, ಅದನ್ನು ಬರೀ ಜ್ವರದ ಫಿಟ್ಸ್ ಎಂದು ಸುಮ್ಮನಾಗಬಾರದು. ಮೆದುಳು ಜ್ವರದಲ್ಲಿ ಕೆಲವೊಮ್ಮೆ ಫಿಟ್ಸ್ ಎಷ್ಟು ಸಣ್ಣದಿರುತ್ತದೆಂದರೆ, ಒಂದು ಬೆರಳಿನ, ಹುಬ್ಬಿನ ಅಥವಾ ತುಟಿಯಂಚಿನ ಅದುರುವಿಕೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಅದನ್ನು ಫೋನಿನಲ್ಲಿ ಅರ್ಧ ನಿಮಿಷ ವಿಡಿಯೊ ಮಾಡಿಕೊಂಡು ಹೋದರೆ ವೈದ್ಯರಿಗೆ ನಿಮ್ಮ ಹತ್ತು ಮಾತಿಗಿಂತ ಹೆಚ್ಚು ಸಹಾಯವಾಗುತ್ತದೆ.

ಫಿಟ್ಸ್ ಬಂದಾಗ ಮಗುವನ್ನು ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ, ವಾಂತಿ ಶ್ವಾಸಕೋಶಕ್ಕೆ ಹೋಗದಿರಲಿ. ಕೈಗೆ ಕಬ್ಬಿಣದ ಬೀಗದ ಕೈ ಹಿಡಿಸುವುದರಿಂದ, ಈರುಳ್ಳಿ ಮೂಸಿಸುವುದರಿಂದ ಏನೂ ಆಗುವುದಿಲ್ಲ. ಹಲ್ಲಿನ ನಡುವೆ ಚಮಚ ಇಡುವುದು, ಬಾಯಿಗೆ ನೀರು ಅಥವಾ ಔಷಧಿ ಹಾಕುವುದು ಮಾತ್ರ ನಿಜಕ್ಕೂ ಅಪಾಯ. ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಫಿಟ್ಸ್ ತಾನಾಗಿ ನಿಲ್ಲುವ ಸಂಭವ ಕಡಿಮೆಯಾಗುತ್ತಾ ಹೋಗುತ್ತದೆ, ಔಷಧಿಯಿಂದಲೇ ನಿಲ್ಲಿಸಬೇಕಾಗುತ್ತದೆ.

ಆಸ್ಪತ್ರೆಯಲ್ಲಿ ಹೇಳಲೇಬೇಕಾದ ಒಂದು ಮಾತು

ನಮ್ಮ ಕಲ್ಪಿತ ಮನೆಯವರು ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋದರು ಎಂದುಕೊಳ್ಳೋಣ. ಅವರ ವಿಳಾಸ ನ್ಯೂಟೌನ್‌ನ ಹತ್ತನೇ ಮಹಡಿ. ಸುತ್ತ ಗದ್ದೆ ಇಲ್ಲ, ಹಂದಿ ಇಲ್ಲ. ವೈದ್ಯರಿಗೆ ಜೆ.ಇ. ಮೊದಲು ಹೊಳೆಯದಿರಬಹುದು. "ಎರಡು ವಾರದ ಹಿಂದೆ ಬಳ್ಳಾರಿ ಜಿಲ್ಲೆಯ ಹಳ್ಳಿಯಲ್ಲಿ ಹತ್ತು ದಿನ ಇದ್ದೆವು, ಮನೆ ಹಿಂದೆ ಭತ್ತದ ಗದ್ದೆ ಇತ್ತು" ಎಂಬ ಮಾತನ್ನು ಅವರು ಕೇಳದಿದ್ದರೂ ನಾವೇ ಹೇಳಬೇಕು. ಪರೀಕ್ಷೆಯ ದಾರಿ ಅದರಿಂದ ಬದಲಾಗುತ್ತದೆ.

ಮೊದಲ ಕೆಲಸ ಯಾವ ವೈರಸ್ ಎಂದು ಹುಡುಕುವುದಲ್ಲ. ಉಸಿರಾಟ ಸರಿಯಿದೆಯೇ, ರಕ್ತದಲ್ಲಿ ಸಕ್ಕರೆ ಇಳಿದಿದೆಯೇ, ಫಿಟ್ಸ್ ನಿಂತಿದೆಯೇ, ಮೆದುಳು ಬಾತು ತಲೆಬುರುಡೆಯೊಳಗೆ ಒತ್ತಡ ಏರಿದೆಯೇ ಎಂದು ನೋಡಿ ಅದನ್ನು ಸರಿಪಡಿಸುವುದು. ಆಮೇಲೆ ಬರುವುದು ಬೆನ್ನಿನಿಂದ ನೀರು ತೆಗೆಯುವ ಪರೀಕ್ಷೆ. ಅನೇಕ ಪೋಷಕರು ಬೇಡ ಎನ್ನುವುದು ಇಲ್ಲೇ. ಸೂಜಿ ಚುಚ್ಚಿದರೆ ಕಾಲು ಸೋತುಹೋಗುತ್ತದೆ ಎಂಬ ಭಯ. ಸೂಜಿ ಹೋಗುವುದು ಸೊಂಟದ ಕೆಳಭಾಗದಲ್ಲಿ, ಬೆನ್ನುಹುರಿ ಮುಗಿದ ಮೇಲಿನ ಜಾಗದಲ್ಲಿ. ತೆಗೆಯುವುದು ಕೆಲವೇ ಹನಿಗಳಷ್ಟು ನೀರು. ತಲೆಯೊಳಗೆ ಒತ್ತಡ ಹೆಚ್ಚಿದೆ ಎಂಬ ಅನುಮಾನವಿದ್ದರೆ ವೈದ್ಯರೇ ಅದನ್ನು ಮುಂದಕ್ಕೆ ಹಾಕುತ್ತಾರೆ. ಜೆ.ಇ. ಖಚಿತವಾಗಿ ಗೊತ್ತಾಗುವುದು ಈ ನೀರಿನಿಂದಲೇ, ಅದರಲ್ಲಿ ವೈರಸ್ಸಿನ ವಿರುದ್ಧ ದೇಹ ತಯಾರಿಸಿದ ಐಜಿಎಂ ಎಂಬ ಪ್ರತಿಕಾಯ ಸಿಕ್ಕಿದರೆ. ಆ ಪ್ರತಿಕಾಯ ಹುಟ್ಟಲು ಕೆಲವು ದಿನ ಬೇಕು. ಹಾಗಾಗಿ ಎರಡನೇ ಮೂರನೇ ದಿನದ ಪರೀಕ್ಷೆಯಲ್ಲಿ ಇಲ್ಲ ಎಂದು ಬಂದರೆ ಕಾಯಿಲೆ ಇಲ್ಲ ಎಂದರ್ಥವಲ್ಲ, ಮತ್ತೊಮ್ಮೆ ಮಾಡಬೇಕಾಗಬಹುದು.

ಬೆನ್ನಿನ ನೀರಿನ ಪರೀಕ್ಷೆಗೆ ಇನ್ನೂ ದೊಡ್ಡ ಕಾರಣವಿದೆ. ಜ್ವರ ಮತ್ತು ಪ್ರಜ್ಞೆ ತಪ್ಪುವಿಕೆ ಒಟ್ಟಿಗೆ ಬಂದ ಎಲ್ಲ ಮಕ್ಕಳಿಗೂ ಜೆ.ಇ. ಇರುವುದಿಲ್ಲ. ಬ್ಯಾಕ್ಟೀರಿಯಾದಿಂದ ಬರುವ ಮೆನಿಂಜೈಟಿಸ್, ಹರ್ಪಿಸ್ ವೈರಸ್, ಕ್ಷಯ, ಮೆದುಳಿನ ಮಲೇರಿಯಾ, ಪೊದೆಗಳ ಸಣ್ಣ ಹುಳು ಕಚ್ಚಿ ಬರುವ ಸ್ಕ್ರಬ್ ಟೈಫಸ್, ಇವೆಲ್ಲ ಹೊರಗಿನಿಂದ ಒಂದೇ ರೀತಿ ಕಾಣುತ್ತವೆ. ಇವುಗಳಿಗೆಲ್ಲ ಔಷಧಿ ಇದೆ, ಜೆ.ಇ. ವೈರಸ್ಸನ್ನು ಕೊಲ್ಲುವ ಔಷಧಿ ಇಲ್ಲ. ಅದಕ್ಕೇ ವರದಿ ಬರುವ ಮೊದಲೇ ವೈದ್ಯರು ಆಂಟಿಬಯಾಟಿಕ್‌ಗಳನ್ನೂ ಹರ್ಪಿಸ್‌ನ ಅಸೈಕ್ಲೋವಿರ್ ಔಷಧಿಯನ್ನೂ ಶುರು ಮಾಡುತ್ತಾರೆ. "ಏನೆಂದು ಗೊತ್ತಿಲ್ಲದೆ ಇಷ್ಟೊಂದು ಔಷಧಿ ಯಾಕೆ" ಎಂದು ಸಿಟ್ಟಾಗುವ ಮೊದಲು ಇದು ತಿಳಿದಿರಲಿ. ಗುಣವಾಗಬಹುದಾದ ಕಾಯಿಲೆ ಕೈತಪ್ಪದಿರಲಿ ಎಂದು ಹಾಗೆ ಮಾಡುತ್ತಾರೆ.

ಮನೆಗೆ ಬಂದ ಮೇಲೆ

ಈ ವೈರಸ್ ದೇಹ ಸೇರಿದವರಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ ಎನ್ನುವುದು ನಿಜ. ಸುಮಾರು 250 ಮಂದಿಗೆ ಸೋಂಕು ತಗುಲಿದರೆ ಒಬ್ಬರಿಗೆ ಮಾತ್ರ ಕಾಯಿಲೆ ತೀವ್ರವಾಗುತ್ತದೆ. ಆದರೆ ಆ ಒಬ್ಬರ ಪಾಲಿಗೆ ಲೆಕ್ಕ ಕ್ರೂರವಾಗಿದೆ. ಮೆದುಳಿಗೆ ಹತ್ತಿದವರಲ್ಲಿ ನೂರಕ್ಕೆ 30ರವರೆಗೂ ಸಾಯಬಹುದು. ಉಳಿದವರಲ್ಲಿ ಮೂರನೇ ಒಂದರಿಂದ ಅರ್ಧದಷ್ಟು ಮಂದಿಗೆ ಶಾಶ್ವತ ತೊಂದರೆ ಉಳಿಯುತ್ತದೆ.

ಆ ತೊಂದರೆಗಳಿಗೆ ಒಂದು ವಿನ್ಯಾಸವಿದೆ. ವೈರಸ್ ಹೆಚ್ಚಾಗಿ ಹಾಳು ಮಾಡುವುದು ಮೆದುಳಿನ ಆಳದಲ್ಲಿರುವ, ಚಲನೆಯನ್ನು ಹದವಾಗಿಡುವ ಭಾಗಗಳನ್ನು. ಅದಕ್ಕೇ ಎಚ್ಚರಾದ ಮಗುವಿನ ಮುಖದಲ್ಲಿ ಭಾವನೆಯೇ ಇಲ್ಲದಂತೆ ಕಾಣಬಹುದು, ಕೈಕಾಲು ಸೆಟೆದುಕೊಳ್ಳಬಹುದು, ನಡುಗಬಹುದು, ತಾನಾಗಿ ತಿರುಚಿಕೊಳ್ಳಬಹುದು. ವಯಸ್ಸಾದವರ ಪಾರ್ಕಿನ್ಸನ್ ಕಾಯಿಲೆ ಮಗುವಿಗೆ ಬಂದ ಹಾಗೆ. ಕೆಲವರಲ್ಲಿ ಪೋಲಿಯೊದಂತೆ ಒಂದು ಕಾಲು ಸೋಲುತ್ತದೆ. ಕೆಲವರಿಗೆ ಫಿಟ್ಸ್ ಕಾಯಿಲೆ ಉಳಿಯುತ್ತದೆ, ಕೆಲವರಿಗೆ ಮಾತು ಹೋಗುತ್ತದೆ. ನಡೆದಾಡಿಕೊಂಡು ಮನೆಗೆ ಬಂದ ಮಗುವಿನಲ್ಲೂ ಆರು ತಿಂಗಳ ನಂತರ ಶಾಲೆಯಿಂದ ದೂರು ಬರಬಹುದು: ಕೂತಲ್ಲಿ ಕೂರುವುದಿಲ್ಲ, ಸಿಟ್ಟು ಹೆಚ್ಚು, ಹೇಳಿದ್ದು ನೆನಪಿರುವುದಿಲ್ಲ. ಅದು ಹಟವಲ್ಲ, ಕಾಯಿಲೆಯ ಉಳಿಕೆ. ಶಿಕ್ಷಕರಿಗೆ ಮೊದಲೇ ಹೇಳಿಡುವುದು ಒಳ್ಳೆಯದು.

ಚೇತರಿಕೆ ನಿಧಾನ, ಆದರೆ ಮೊದಲ ಆರು ತಿಂಗಳಿಂದ ಒಂದು ವರ್ಷದವರೆಗೆ ನಡೆಯುತ್ತಲೇ ಇರುತ್ತದೆ. ಹಾಗಾಗಿ ಫಿಸಿಯೊಥೆರಪಿ ಆಸ್ಪತ್ರೆಯ ಹಾಸಿಗೆಯಲ್ಲೇ ಶುರುವಾಗಬೇಕು. ಮಡಚಿದ ಮೊಣಕಾಲು, ಬಗ್ಗಿದ ಪಾದ ವಾರಗಟ್ಟಲೆ ಹಾಗೇ ಉಳಿದರೆ ಸ್ನಾಯು ಗಿಡ್ಡವಾಗುತ್ತದೆ. ಆಮೇಲೆ ಮೆದುಳು ಸುಧಾರಿಸಿದರೂ ಕಾಲು ನೆಟ್ಟಗಾಗುವುದಿಲ್ಲ. ಮಗು ನುಂಗಲು ಕಲಿಯುವ ಮೊದಲೇ ಬಾಯಿಗೆ ಗಂಜಿ ಹಾಕಿದರೆ ಅದು ಶ್ವಾಸಕೋಶ ಸೇರಿ ನ್ಯುಮೋನಿಯಾ ಆಗುತ್ತದೆ. ಯಾವಾಗ ಬಾಯಿಂದ ಕೊಡಬಹುದು ಎಂದು ಕೇಳಿಕೊಂಡೇ ಶುರು ಮಾಡಬೇಕು.

ಕಾರ್ಡಿನಲ್ಲಿ ಆ ಒಂದು ಸಾಲು

ಔಷಧಿ ಇಲ್ಲದ ಈ ಕಾಯಿಲೆಗೆ ಲಸಿಕೆ ಇದೆ. ಅದರಲ್ಲಿ ಒಂದು ನಮ್ಮ ನೆಲದ್ದು. 1980ರ ದಶಕದ ಆರಂಭದಲ್ಲಿ ಕೋಲಾರದಲ್ಲಿ ರಾಷ್ಟ್ರೀಯ ವೈರಾಣು ಸಂಸ್ಥೆಯವರು ಬೇರ್ಪಡಿಸಿ ಇಟ್ಟುಕೊಂಡಿದ್ದ ವೈರಸ್ ತಳಿಯಿಂದಲೇ ಭಾರತ್ ಬಯೋಟೆಕ್ ಜೆನ್‌ವ್ಯಾಕ್ ಎಂಬ ಲಸಿಕೆ ತಯಾರಿಸಿತು. ವಿಜ್ಞಾನದ ಬರಹಗಳಲ್ಲಿ ಆ ತಳಿಯ ಹೆಸರೇ ಕೋಲಾರ ತಳಿ. 2013ರಲ್ಲಿ ಅದು ಬಳಕೆಗೆ ಬಂತು.

ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ ಜೆ.ಇ. ಲಸಿಕೆ ಎರಡು ಡೋಸ್: ಒಂಬತ್ತು ತಿಂಗಳು ತುಂಬಿದ ಮೇಲೆ ದಡಾರ-ರುಬೆಲ್ಲಾ ಲಸಿಕೆಯ ಜೊತೆಗೆ ಮೊದಲನೆಯದು, 16ರಿಂದ 24 ತಿಂಗಳ ನಡುವೆ ಎರಡನೆಯದು. ಉಚಿತ. ಆದರೆ ಇಲ್ಲೊಂದು ಷರತ್ತಿದೆ. ಪೋಲಿಯೊ, ದಡಾರದ ಲಸಿಕೆಗಳಂತೆ ಇದು ದೇಶದ ಎಲ್ಲ ಮಕ್ಕಳಿಗೂ ಅಲ್ಲ, ಕಾಯಿಲೆ ನೆಲೆಸಿದೆ ಎಂದು ಗುರುತಿಸಿದ ಜಿಲ್ಲೆಗಳ ಮಕ್ಕಳಿಗೆ. ಆ ಪಟ್ಟಿ ಬೆಳೆಯುತ್ತಲೇ ಇದೆ. ಕರ್ನಾಟಕದಲ್ಲೇ 2022ರ ಡಿಸೆಂಬರ್‌ನಲ್ಲಿ ದಕ್ಷಿಣ ಕನ್ನಡ, ಉಡುಪಿ, ಹಾಸನ, ತುಮಕೂರು, ಹಾವೇರಿ ಸೇರಿದಂತೆ ಇನ್ನೂ ಹತ್ತು ಜಿಲ್ಲೆಗಳಲ್ಲಿ 1ರಿಂದ 15 ವರ್ಷದವರಿಗೆ ಅಭಿಯಾನ ನಡೆಯಿತು.

ನಮ್ಮಂಥವರು ಜಾರುವುದು ಇಲ್ಲಿ. ಮಗು ಹುಟ್ಟಿದ್ದು ಒಂದು ಊರಿನಲ್ಲಿ, ಒಂಬತ್ತನೇ ತಿಂಗಳಿಗೆ ಇನ್ನೊಂದು ಊರು, ಎರಡನೇ ವರ್ಷಕ್ಕೆ ವರ್ಗವಾಗಿ ಮತ್ತೊಂದು ಮಹಾನಗರ. ಲಸಿಕೆ ಹಾಕಿಸಿದ್ದು ಖಾಸಗಿ ಆಸ್ಪತ್ರೆಯಲ್ಲಿ, ಅವರದೇ ಬಣ್ಣದ ಪುಸ್ತಕದಲ್ಲಿ. ಎಲ್ಲ ಸಾಲುಗಳೂ ತುಂಬಿವೆ, ಆದ್ದರಿಂದ ಎಲ್ಲ ಲಸಿಕೆ ಆಗಿದೆ ಎಂದು ನಾವು ನಂಬಿದ್ದೇವೆ. ಜೆ.ಇ. ಎಂಬ ಸಾಲು ಆ ಪುಸ್ತಕದಲ್ಲಿ ಇದೆಯೇ ಎಂದು ನೋಡಿಲ್ಲ. ಮಗು ಬೆಳೆಯುವುದು ಮಹಾನಗರದಲ್ಲಾದರೂ ರಜೆ ಕಳೆಯುವುದು ಅಜ್ಜಿ ಮನೆಯ ಗದ್ದೆಯಂಚಿನಲ್ಲಿ. ಹೀಗೆ ಲಸಿಕೆ ಒಂದು ಜಿಲ್ಲೆಯ ಲೆಕ್ಕದಲ್ಲಿ, ಸೊಳ್ಳೆ ಇನ್ನೊಂದು ಜಿಲ್ಲೆಯಲ್ಲಿ.

ಹಿಂದೆ ಬಿಟ್ಟಿದ್ದ ಆ ಇನ್ನೊಂದು ಮುಖ ಇದೇ. ದಡಾರದಂಥ ಕಾಯಿಲೆಯಲ್ಲಿ ಸುತ್ತಲಿನ ಮಕ್ಕಳಿಗೆಲ್ಲ ಲಸಿಕೆ ಆಗಿದ್ದರೆ, ಲಸಿಕೆ ಆಗದ ಒಂದು ಮಗುವಿಗೂ ಅದರ ನೆರಳು ಸಿಗುತ್ತದೆ. ಹರಡುವವರೇ ಇರುವುದಿಲ್ಲವಲ್ಲ. ಜೆ.ಇ. ಮನುಷ್ಯರಿಂದ ಹರಡುವುದೇ ಇಲ್ಲ. ಆದ್ದರಿಂದ ಊರಿನ ಮಕ್ಕಳಿಗೆಲ್ಲ ಲಸಿಕೆ ಆಗಿದ್ದರೂ, ರಜೆಗೆ ಬಂದ ನಿಮ್ಮ ಮಗುವಿಗೆ ಆಗಿಲ್ಲದಿದ್ದರೆ ಅದರ ಅಪಾಯ ಒಂದಿಷ್ಟೂ ಕಡಿಮೆಯಾಗುವುದಿಲ್ಲ.

ಹಾಗಾಗಿ ಇವತ್ತು ಸಂಜೆ ಮಗುವಿನ ತಾಯಿ ಕಾರ್ಡನ್ನೋ ಲಸಿಕೆ ಪುಸ್ತಕವನ್ನೋ ತೆಗೆದು ನೋಡಿ. ಎರಡು ಡೋಸ್ ಆಗಿದ್ದರೆ ಸರಿ. ಇಲ್ಲದಿದ್ದರೆ, ನಿಮ್ಮ ಊರಿನ ಜಿಲ್ಲೆಯ ಹೆಸರು ಹೇಳಿ ಮಕ್ಕಳ ವೈದ್ಯರನ್ನು ಕೇಳಿ. ಪಟ್ಟಿಯಲ್ಲಿರುವ ಜಿಲ್ಲೆಗಳ ಸರ್ಕಾರಿ ಕೇಂದ್ರಗಳಲ್ಲಿ ತಪ್ಪಿಹೋದ ಡೋಸನ್ನು 15 ವರ್ಷದವರೆಗೂ ಹಾಕುತ್ತಾರೆ. ಖಾಸಗಿಯಾಗಿ ಸಿಗುವ ನಿಷ್ಕ್ರಿಯ ವೈರಸ್ಸಿನ ಲಸಿಕೆಗಳನ್ನು ಒಂದು ವರ್ಷ ತುಂಬಿದ ಮೇಲೆ 28 ದಿನ ಅಂತರದಲ್ಲಿ ಎರಡು ಸಲ ಕೊಡುತ್ತಾರೆ. ಎರಡನೇ ಡೋಸ್ ಆಗಿ ಒಂದು ವಾರವಾದರೂ ಕಳೆದ ಮೇಲೆ ಊರಿಗೆ ಹೋಗುವುದು ಒಳ್ಳೆಯದು. ಅಂದರೆ ಪೂಜೆ ರಜೆಗೆ ಊರಿಗೆ ಹೋಗುವವರು ರೈಲಿನ ಟಿಕೆಟ್ ಕಾದಿರಿಸುವಾಗಲೇ ಇದನ್ನೂ ಯೋಚಿಸಬೇಕು, ಹೊರಡುವ ವಾರದಲ್ಲಲ್ಲ. ಚುಚ್ಚಿದ ಜಾಗದಲ್ಲಿ ನೋವು, ಒಂದೆರಡು ದಿನ ಸಣ್ಣ ಜ್ವರ ಬರಬಹುದು. ರೋಗನಿರೋಧಕ ಶಕ್ತಿ ಕುಂದಿಸುವ ಕಾಯಿಲೆ ಅಥವಾ ಔಷಧಿ ಇರುವ ಮಕ್ಕಳಿಗೆ ಸರ್ಕಾರಿ ಕಾರ್ಯಕ್ರಮದ ಜೀವಂತ ಲಸಿಕೆ ಕೊಡುವ ಮೊದಲು ಆ ವಿಷಯ ಹೇಳಬೇಕು.

ಡೆಂಗಿ ಸೊಳ್ಳೆಯಲ್ಲ ಇದು

ಮಹಾನಗರಗಳಲ್ಲಿ ಇರುವ ನಮಗೆ ಸೊಳ್ಳೆ ಎಂದರೆ ಡೆಂಗಿ ಪಾಠ ಬಾಯಿಪಾಠ: ಹೂಕುಂಡದ ತಟ್ಟೆ ಖಾಲಿ ಮಾಡಿ, ಟೈರು ಎಸೆಯಿರಿ, ಹಗಲು ಹುಷಾರಾಗಿರಿ. ಈ ಪಾಠಕ್ಕೆ ಹಳೆಯ ಬೇರು ನಮ್ಮ ಬೆಂಗಳೂರಿನಲ್ಲಿದೆ. 1883ರಲ್ಲಿ ಅಲ್ಲಿ ಸೇನಾ ವೈದ್ಯರಾಗಿದ್ದ ರೊನಾಲ್ಡ್ ರಾಸ್ ತಮ್ಮ ಬಂಗಲೆಯ ಸೊಳ್ಳೆಕಾಟಕ್ಕೆ ಕಿಟಕಿ ಬಳಿಯ ತೊಟ್ಟಿ ನೀರು ಕಾರಣವೆಂದು ಕಂಡುಕೊಂಡಿದ್ದರು. ಅದೇ ರಾಸ್ 1898ರಲ್ಲಿ ಕೋಲ್ಕತ್ತದಲ್ಲಿ ಹಕ್ಕಿಯಿಂದ ಹಕ್ಕಿಗೆ ಮಲೇರಿಯಾ ದಾಟಿಸುವುದು ಕ್ಯೂಲೆಕ್ಸ್ ಜಾತಿಯ ಸೊಳ್ಳೆ ಎಂದು ತೋರಿಸಿದರು. ಇಂದಿನ ಎಸ್‌ಎಸ್‌ಕೆಎಂ ಆಸ್ಪತ್ರೆಯ ಗೋಡೆಯಲ್ಲಿ ಅವರ ಸ್ಮಾರಕವಿದೆ.

ಆದರೆ ತೊಟ್ಟಿ ಮಗುಚುವ ಉಪಾಯ ಜೆ.ಇ. ಸೊಳ್ಳೆಗೆ ತಾಗುವುದಿಲ್ಲ. ಅದು ಹುಟ್ಟುವುದು ಎಕರೆಗಟ್ಟಲೆ ಗದ್ದೆಯ ನೀರಿನಲ್ಲಿ. ಅಲ್ಲಿಂದ ಕಿಲೋಮೀಟರ್‌ಗಿಂತ ಹೆಚ್ಚು ದೂರ ಹಾರಬಲ್ಲದು. ಕಚ್ಚುವುದು ಮುಸ್ಸಂಜೆಯಿಂದ ರಾತ್ರಿ, ಹೆಚ್ಚಾಗಿ ಮನೆಯ ಹೊರಗೆ. ಕಚ್ಚಿದ ಮೇಲೆ ಮಲೇರಿಯಾ ಸೊಳ್ಳೆಯಂತೆ ಮನೆಯ ಗೋಡೆಯ ಮೇಲೆ ಕೂರುವುದಿಲ್ಲ, ಹೊರಗೆ ಗಿಡಗಳಲ್ಲಿ ಸೇರಿಕೊಳ್ಳುತ್ತದೆ. ಅದಕ್ಕೇ ಗೋಡೆಗೆ ಔಷಧಿ ಸಿಂಪಡಿಸುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಕಾಯಿಲೆ ಕಾಣಿಸಿಕೊಂಡ ಊರಿನಲ್ಲಿ ಹೊಗೆ ಬಿಟ್ಟರೆ ಹಾರಾಡುತ್ತಿರುವ ಸೊಳ್ಳೆ ಸಾಯುತ್ತದೆ, ಆದರೆ ಗದ್ದೆಯಲ್ಲಿ ಕೆಲವೇ ದಿನಗಳಲ್ಲಿ ಹೊಸವು ಹುಟ್ಟುತ್ತವೆ. ನಿಜವಾಗಿ ಕೆಲಸ ಮಾಡುವುದು ಗದ್ದೆಯಲ್ಲಿ ನೀರನ್ನು ಒಂದೇ ಸಮನೆ ನಿಲ್ಲಿಸದೆ ಆಗಾಗ ಬಸಿದು ಒಣಗಲು ಬಿಡುವ ಬೇಸಾಯ. ಮರಿಹುಳುಗಳು ಬೆಳೆಯುವ ಮೊದಲೇ ನೀರು ಇಂಗಿಹೋಗುತ್ತದೆ. ಆದರೆ ಇದು ಒಬ್ಬ ರೈತ ಮಾಡಿದರೆ ಸಾಲದು, ಒಂದು ಕಾಲುವೆಯ ಬಯಲಿನವರೆಲ್ಲ ಸೇರಿ ಮಾಡಬೇಕು.

ಹಂದಿಯ ವಿಷಯವೂ ಹೀಗೇ. 2014ರ ಜುಲೈನಲ್ಲಿ ಉತ್ತರ ಬಂಗಾಳದ ಜಲ್ಪಾಯಿಗುರಿ, ಕೂಚ್‌ಬಿಹಾರ್ ಕಡೆ ಮೆದುಳು ಜ್ವರದಿಂದ ನೂರಕ್ಕೂ ಹೆಚ್ಚು ಜನ ಸತ್ತಾಗ, ಕೋಲ್ಕತ್ತ ನಗರಪಾಲಿಕೆ ಬೀದಿ ಹಂದಿಗಳನ್ನು ಹಿಡಿಯಲು ಹೊರಟಿತ್ತು. ಹಂದಿಗೂಡನ್ನು ಮನೆಗಳಿಂದ ದೂರ ಇಡುವುದು, ಅದಕ್ಕೆ ಸೊಳ್ಳೆಬಲೆ ಹಾಕುವುದು ಖಂಡಿತ ಉಪಯುಕ್ತ. ಆದರೆ ಹಂದಿ ಇಲ್ಲದ ಕಡೆಯೂ ಹಕ್ಕಿಗಳು ಇರುತ್ತವೆ, ವೈರಸ್ ಪೂರ್ತಿ ಹೋಗುವುದಿಲ್ಲ. ಅಂದು ಕಾಯಿಲೆ ಬಿದ್ದವರಲ್ಲಿ ವಯಸ್ಕರೂ ಬಹಳ ಮಂದಿ ಇದ್ದರು. ಆಮೇಲೆ ಪಶ್ಚಿಮ ಬಂಗಾಳ, ಅಸ್ಸಾಂ, ಉತ್ತರ ಪ್ರದೇಶಗಳ ಅತಿ ಅಪಾಯದ ಜಿಲ್ಲೆಗಳಲ್ಲಿ ದೊಡ್ಡವರಿಗೂ ಲಸಿಕೆ ಹಾಕಿದರು.

ನಮ್ಮ ಕೈಲಿರುವುದು ಊರಿಗೆ ಹೋದಾಗಿನ ಸಂಜೆಗಳು. ಆರು ಗಂಟೆಯ ಹೊತ್ತಿಗೆ ಮಗುವಿಗೆ ತೋಳು ತುಂಬ ಅಂಗಿ, ಕಾಲು ಮುಚ್ಚುವ ಪ್ಯಾಂಟು ಹಾಕಿ. ಬಟ್ಟೆ ಮುಚ್ಚದ ಕಡೆ ವಯಸ್ಸಿಗೆ ಹೊಂದುವ ಸೊಳ್ಳೆ ನಿವಾರಕ ಕ್ರೀಮು ಹಚ್ಚಿ. ಎರಡು ತಿಂಗಳೊಳಗಿನ ಕೂಸಿಗೆ ಹಚ್ಚಬಾರದು, ಅದಕ್ಕೆ ಬಲೆಯೇ ಸರಿ. ಮಾತುಕತೆ ಅಂಗಳದಿಂದ ಒಳಗೆ ಬರಲಿ, ಬಾಗಿಲು-ಕಿಟಕಿಗೆ ಜಾಲರಿ ಇರಲಿ, ಫ್ಯಾನು ತಿರುಗಲಿ. ಮಾಳಿಗೆ ಮೇಲೆ ನಕ್ಷತ್ರ ನೋಡುತ್ತಾ ಮಲಗುವ ಆಸೆ ಮಕ್ಕಳಿಗಿದ್ದರೆ ಬೇಡ ಅನ್ನಬೇಕಿಲ್ಲ, ಸೊಳ್ಳೆಪರದೆ ಕಟ್ಟಿ, ಅದರ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ.

ವಾಪಸ್ ಬಂದ ದಿನದ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಅಲ್ಲಿಂದ 15 ದಿನದೊಳಗೆ ಮಗುವಿಗೆ ಜ್ವರ ಬಂದರೆ, ವೈದ್ಯರು "ಎಷ್ಟು ದಿನದಿಂದ ಜ್ವರ?" ಎಂದು ಕೇಳುವ ಮೊದಲೇ ನೀವು ಊರಿನ ಹೆಸರು ಹೇಳಿ.